ಹಪ್ಪಳ ಅಪ್ಪಳವಾಗದಂತೆ

ಸಾಗರದಲ್ಲಿರುವ ನಮ್ಮ ದೊಡ್ಡಮ್ಮನ ಕೈಯ ಹಲಸಿನಕಾಯಿ ಹಪ್ಪಳ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಪುಣೆಯಲ್ಲಿರುವ ಮೊಮ್ಮಗಳು ಅದನ್ನು ತಾನೇ ಮಾಡಿ ನೋಡುತ್ತೇನೆ, ಅಜ್ಜಿ ಹೇಳಿದ ಹಾಗೇ ಬೇಕು ಅಂದಳು. ಬರೆದು ಕಳಿಸುವುದಕ್ಕೆ ದೊಡ್ಡಮ್ಮನಿಗೆ ಕಣ್ಣು ಸಾಲದು. ನಾನು ನನ್ನ ಫೋನಿನಲ್ಲಿ ರೆಕಾರ್ಡರ್ ತೆರೆದು, ಕೆಂಪು ಗುಂಡಿ ಎಲ್ಲಿದೆ ಎಂದು ತೋರಿಸಿ, ಅವರ ಕೈಗೆ ಕೊಟ್ಟು ತೋಟದ ಕಡೆ ಹೋದೆ. ವಾಪಸ್ ಬರುವಷ್ಟರಲ್ಲಿ 1 ನಿಮಿಷ 14 ಸೆಕೆಂಡಿನ ರೆಕಾರ್ಡಿಂಗ್ ಸಿದ್ಧವಾಗಿತ್ತು. ಒಳಗಿನ ಮಾತು ಚಿನ್ನದಂಥದ್ದು. ಆದರೆ ಆರಂಭದಲ್ಲಿ ಫೋನನ್ನು ಮಂಚದ ಮೇಲೆ ಸರಿಸಿದ ಸದ್ದು, ಎರಡು ಸೆಕೆಂಡು ಬರೀ ಫ್ಯಾನು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಜೋರು ಕೆಮ್ಮು. ಕೊನೆಯಲ್ಲಿ ಇನ್ನೊಂದು ಕೆಮ್ಮು, ಜೊತೆಗೆ "ಇದನ್ನ ಎಲ್ಲಿ ಆಫ್ ಮಾಡೋದು?" ಎಂಬ ಪ್ರಶ್ನೆ.

ಹಿಂದೆ ಮುಂದೆ ಕತ್ತರಿಸಿ ಕಳಿಸಿದರಾಯಿತು, ಅರ್ಧ ನಿಮಿಷದ ಕೆಲಸ ಅಂದುಕೊಂಡೆ. ಕತ್ತರಿಸಿದೆ, ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳಿಂದ ಉತ್ತರ ಬಂತು: "ಚಿಕ್ಕಪ್ಪಾ, ಕೊನೆಗೆ ಅಜ್ಜಿ ಡಬ್ಬಕ್ಕೆ ಹಾಕ್ಬೇಕು ಅಂದ್ರಾ, ಹಾಕ್ಬೇಡ ಅಂದ್ರಾ?" ನಾನು ಕಳಿಸಿದ್ದನ್ನು ಮತ್ತೆ ಕೇಳಿದೆ. ಮೊದಲ ಪದ ಹಪ್ಪಳ ಎನ್ನುವುದು ಅಪ್ಪಳ ಆಗಿತ್ತು. ಕೊನೆಯ ಪದ "ಹಾಕ್ಬೇ" ಎನ್ನುವಲ್ಲಿಗೆ ನಿಂತಿತ್ತು. ಕೆಮ್ಮು ಹೋಗಿತ್ತು ನಿಜ, ಅದರ ಜೊತೆಗೆ ಮಾತಿನ ತಲೆ ಬಾಲವೂ ಹೋಗಿದ್ದವು.

ವಾಯ್ಸ್ ನೋಟನ್ನು ಟ್ರಿಮ್ ಮಾಡುವುದೆಂದರೆ ಇಷ್ಟೇ: ಗುಂಡಿ ಒತ್ತುವುದು ಸುಲಭ, ಮಾತು ನಿಜವಾಗಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಂಡುಹಿಡಿಯುವುದು ಕಷ್ಟ. ಅದರಲ್ಲೂ ಕನ್ನಡದ ಮಾತಿಗೆ ಎರಡು ತುದಿಯಲ್ಲೂ ಅದರದೇ ಆದ ಸೂಕ್ಷ್ಮಗಳಿವೆ. ಆ ರೆಕಾರ್ಡಿಂಗನ್ನು ನಾನು ಎರಡನೇ ಸಲ ಹೇಗೆ ಕತ್ತರಿಸಿದೆ ಎಂಬುದನ್ನು ಹೇಳಿದರೆ ಇವು ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊದಲು ಫೋನಿನ ಪರದೆಯ ಮೇಲೆ ಕಾಣುವುದೇನು ಎಂದು ನೋಡೋಣ. ರೆಕಾರ್ಡಿಂಗ್ ತೆರೆದರೆ ಉದ್ದಕ್ಕೆ ಗೀರುಗಳ ಒಂದು ಸಾಲು ಕಾಣುತ್ತದೆ. ಸದ್ದು ಜೋರಿದ್ದಲ್ಲಿ ಗೀರು ಎತ್ತರ, ಮೆಲ್ಲಗಿದ್ದಲ್ಲಿ ಗಿಡ್ಡ, ಮೌನವಿದ್ದಲ್ಲಿ ಹೆಚ್ಚುಕಡಿಮೆ ಒಂದು ಚುಕ್ಕೆಯ ಸಾಲು. ಕೆಮ್ಮನ್ನು ಇದರಲ್ಲಿ ಗುರುತಿಸುವುದು ಬಹಳ ಸುಲಭ. ಅದು ಎದ್ದು ನಿಂತ ಗೋಡೆಯ ಹಾಗೆ ಒಮ್ಮೆಲೇ ಏರುತ್ತದೆ, ಆಮೇಲೆ ಇಳಿಜಾರಾಗಿ ಇಳಿಯುತ್ತದೆ. ಒಂದು ಕೆಮ್ಮು ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ, ಆದರೆ ಕೆಮ್ಮು ಒಂಟಿಯಾಗಿ ಬರುವುದು ಕಡಿಮೆ. ದೊಡ್ಡದರ ಬೆನ್ನಿಗೆ ಚಿಕ್ಕದೊಂದು, ಅದರ ಹಿಂದೆ ಒಂದು ಉಸಿರೆಳೆತ. ಮಾತು ಹೀಗಿರುವುದಿಲ್ಲ. ಅದು ಏರಿಳಿಯುತ್ತಾ, ಗುಡ್ಡದ ಸಾಲಿನ ಹಾಗೆ ಹೋಗುತ್ತದೆ.

ಈ ಸಾಲಿನ ಎರಡು ತುದಿಗೆ ಎರಡು ಹಿಡಿಗಳು ಬರುತ್ತವೆ. ಐಫೋನಿನ Voice Memosನಲ್ಲಿ ರೆಕಾರ್ಡಿಂಗನ್ನು ಎಡಿಟ್‌ಗೆ ತೆರೆದು ಟ್ರಿಮ್ ಗುರುತು ಒತ್ತಿದರೆ ಹಳದಿ ಬಣ್ಣದ ಹಿಡಿಗಳು ಕಾಣುತ್ತವೆ. ಗೂಗಲ್‌ನ ಪಿಕ್ಸೆಲ್ ಫೋನಿನ Recorderನಲ್ಲಿ ಕತ್ತರಿಯ ಚಿತ್ರ ಒತ್ತಬೇಕು. ಬೇರೆ ಆಂಡ್ರಾಯ್ಡ್ ಫೋನುಗಳ ರೆಕಾರ್ಡರುಗಳಲ್ಲಿ ಟ್ರಿಮ್ ಅಥವಾ ಎಡಿಟ್ ಎಂಬ ಜಾಗದಲ್ಲಿ ಇದೇ ಬಗೆಯ ಹಿಡಿಗಳು ಸಿಗುತ್ತವೆ. ಗುಂಡಿಗಳ ಜಾಗ ಒಂದೊಂದು ಅಪ್‌ಡೇಟಿಗೆ ಅತ್ತಿತ್ತ ಆಗಬಹುದು, ಕೆಲಸದ ರೀತಿ ಮಾತ್ರ ಒಂದೇ. ಎಡಗಡೆಯ ಹಿಡಿಯನ್ನು ಮಾತು ಶುರುವಾಗುವಲ್ಲಿಗೆ, ಬಲಗಡೆಯದನ್ನು ಮಾತು ಮುಗಿಯುವಲ್ಲಿಗೆ ಎಳೆಯಬೇಕು.

ಇಲ್ಲೊಂದು ಅಪಾಯವಿದೆ. ಎರಡು ಹಿಡಿಗಳ ನಡುವಿನ ಭಾಗಕ್ಕೆ ಎರಡು ಆಯ್ಕೆಗಳಿರುತ್ತವೆ. ಐಫೋನಿನಲ್ಲಿ ಅವು Trim ಮತ್ತು Delete, ಪಿಕ್ಸೆಲ್‌ನಲ್ಲಿ Crop ಮತ್ತು Remove. Trim ಅಥವಾ Crop ಒತ್ತಿದರೆ ನಡುವಿನದು ಉಳಿದು ಹೊರಗಿನದು ಹೋಗುತ್ತದೆ. Delete ಅಥವಾ Remove ಒತ್ತಿದರೆ ನಡುವಿನದು ಹೋಗಿ ಹೊರಗಿನದು ಉಳಿಯುತ್ತದೆ. ಕೆಮ್ಮನ್ನು ತೆಗೆಯಬೇಕೆಂದು ಕೆಮ್ಮಿನ ಎರಡೂ ಬದಿಗೆ ಹಿಡಿಗಳನ್ನಿಟ್ಟು Trim ಒತ್ತಿದವರಿಗೆ ಕೊನೆಯಲ್ಲಿ ಕೆಮ್ಮು ಮಾತ್ರ ದಕ್ಕುತ್ತದೆ, ಮಾತೆಲ್ಲ ಹೋಗುತ್ತದೆ. ಹಾಗಾಗಿ ಹಿಡಿಗಳನ್ನು ಮುಟ್ಟುವ ಮೊದಲು ಆ ರೆಕಾರ್ಡಿಂಗಿನ ಒಂದು ನಕಲು ಮಾಡಿಕೊಳ್ಳುವುದು ಕಡ್ಡಾಯ. Voice Memosನಲ್ಲಿ ಇದಕ್ಕೆ Duplicate ಎಂಬ ಆಯ್ಕೆಯೇ ಇದೆ. ಅಲ್ಲಿ ಅಳಿಸಿದ ಇಡೀ ರೆಕಾರ್ಡಿಂಗುಗಳು ಕೆಲವು ದಿನ Recently Deletedನಲ್ಲಿ ಉಳಿಯುತ್ತವೆ. ಟ್ರಿಮ್ ಮಾಡಿ ಸೇವ್ ಒತ್ತಿದ ಮೇಲೆ ಹೋದ ತುಂಡಿಗೆ ಆ ಭರವಸೆ ಇಲ್ಲ.

ಈಗ ನನ್ನ ಮೊದಲ ಪ್ರಯತ್ನ ಯಾಕೆ ಕೆಟ್ಟಿತು ಎಂಬುದಕ್ಕೆ ಬರುತ್ತೇನೆ. ಫೋನನ್ನು ನೆಟ್ಟಗೆ ಹಿಡಿದಾಗ ಪರದೆಯ ಅಗಲ ಸುಮಾರು ಆರೂವರೆ ಸೆಂಟಿಮೀಟರ್, ಅಂದರೆ 65 ಮಿಲಿಮೀಟರ್. ಅಷ್ಟರೊಳಗೆ 74 ಸೆಕೆಂಡಿನ ಮಾತನ್ನು ಇಟ್ಟರೆ ಒಂದು ಮಿಲಿಮೀಟರಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಪರದೆಗೆ ತಾಗುವ ನನ್ನ ಬೆರಳ ತುದಿಯೇ ಎಂಟು ಹತ್ತು ಮಿಲಿಮೀಟರ್ ಇದೆ. ಹತ್ತು ಸೆಕೆಂಡಿನ ಮಾತನ್ನು ಬೆರಳಿನಿಂದ ಮುಚ್ಚಿಕೊಂಡು, ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಹುಡುಕುತ್ತಿದ್ದೆ ನಾನು.

ಹಿಂದೆ ರೇಡಿಯೊದವರು ಟೇಪಿನಲ್ಲಿ ಇದೇ ಕೆಲಸ ಮಾಡುತ್ತಿದ್ದರು, ಆದರೆ ಅವರಿಗೆ ಜಾಗ ಧಾರಾಳವಾಗಿತ್ತು. ಕಾಲು ಅಂಗುಲ ಅಗಲದ ಸ್ಪೂಲ್ ಟೇಪು ಓಡುತ್ತಿದ್ದ ವೇಗಗಳಲ್ಲಿ ಒಂದು ಸೆಕೆಂಡಿಗೆ ಏಳೂವರೆ ಅಂಗುಲ, ಅಂದರೆ ಸುಮಾರು 19 ಸೆಂಟಿಮೀಟರ್. ಒಂದು ಸೆಕೆಂಡಿನ ಮಾತು ಕೈಯಲ್ಲಿ ಗೇಣುದ್ದ ಹಿಡಿಯಲು ಸಿಗುತ್ತಿತ್ತು. ಹತ್ತನೇ ಒಂದು ಸೆಕೆಂಡು ಎಂದರೂ ಎರಡು ಸೆಂಟಿಮೀಟರಿಗೆ ಹತ್ತಿರ. ಸ್ಪೂಲನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಪದ ಶುರುವಾಗುವ ಜಾಗವನ್ನು ಕಿವಿಯಿಂದ ಹಿಡಿದು, ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಕೊಯ್ಯುತ್ತಿದ್ದರು. ಆ ಗೇಣುದ್ದವನ್ನೆಲ್ಲ ಫೋನು ಒಂದು ಮಿಲಿಮೀಟರಿಗೆ ಇಳಿಸಿಬಿಟ್ಟಿದೆ.

ಅದಕ್ಕೆ ಮಾಡಬೇಕಾದ್ದು ಗೀರುಗಳನ್ನು ಹಿಗ್ಗಿಸುವುದು. ಹಲವು ರೆಕಾರ್ಡರುಗಳಲ್ಲಿ ಎರಡು ಬೆರಳಿಟ್ಟು ಅಗಲಿಸಿದರೆ ಫೋಟೊ ದೊಡ್ಡದಾಗುವ ಹಾಗೆ ಇದೂ ದೊಡ್ಡದಾಗುತ್ತದೆ. ಹಿಗ್ಗದ ಆ್ಯಪಿನಲ್ಲಿ, ಅದು ಒಪ್ಪಿದರೆ, ಫೋನನ್ನು ಅಡ್ಡಕ್ಕೆ ತಿರುಗಿಸಿ. ಅಗಲ ಎರಡು ಪಟ್ಟಾಗುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಮೊದಲು ಎರಡೂ ತುದಿಯನ್ನು ಒರಟಾಗಿ, ಮಾತಿಗೆ ಏನೂ ತಾಗದಷ್ಟು ದೂರದಲ್ಲಿ ಕತ್ತರಿಸುವುದು, ಆಮೇಲೆ ಉಳಿದದ್ದನ್ನು ತೆರೆದು ಸೂಕ್ಷ್ಮವಾಗಿ ಕತ್ತರಿಸುವುದು. ದೊಡ್ಡಮ್ಮನದು ಚಿಕ್ಕ ರೆಕಾರ್ಡಿಂಗ್ ಆದ್ದರಿಂದ ಇದರಿಂದ ಹೆಚ್ಚಿನ ಲಾಭವಿಲ್ಲ, ಆದರೆ ಅರ್ಧ ಗಂಟೆ ಮೈಕನ್ನು ಆನ್ ಇಟ್ಟು ಎರಡು ನಿಮಿಷ ಮಾತಾಡಿದ ಸಂದರ್ಭದಲ್ಲಿ ಇದೇ ಸರಿಯಾದ ಕ್ರಮ.

ಹಿಗ್ಗಿಸಿ ನೋಡಿದಾಗ ಆರಂಭದ ನಾಲ್ಕು ಸೆಕೆಂಡು ಹೀಗಿತ್ತು. ಸೊನ್ನೆಯಿಂದ ಅರ್ಧ ಸೆಕೆಂಡಿನವರೆಗೆ ಬೆರಳು ಗಾಜಿಗೆ ತಾಗಿದ ಟಕ್, ಫೋನು ಸರಿದ ಗೊರ್. ಅಲ್ಲಿಂದ 2.1 ಸೆಕೆಂಡಿನವರೆಗೆ ಫ್ಯಾನು. 2.1ಕ್ಕೆ ಮೊದಲ ಕೆಮ್ಮು, 2.6ಕ್ಕೆ ಎರಡನೆಯದು. 3.0ಕ್ಕೆ ಎಲ್ಲ ತಣ್ಣಗೆ. 3.3ರಿಂದ 3.9ರವರೆಗೆ ಮಾತಾಡಲು ಎಳೆದುಕೊಂಡ ಉಸಿರು. 3.95ಕ್ಕೆ ಹಪ್ಪಳದ ಹಕಾರ. ನಿಜವಾದ ಗುಡ್ಡ ಏಳುವುದು 4.03ಕ್ಕೆ, ಅಕಾರ ಶುರುವಾದಾಗ.

ನಾನು ಮೊದಲ ಸಲ ಕತ್ತರಿಸಿದ್ದು ಈ ಗುಡ್ಡದ ಬುಡದಲ್ಲಿ. ಕಣ್ಣಿಗೆ ಅಲ್ಲೇ ಮಾತು ಶುರುವಾದಂತೆ ಕಂಡಿತು. ಹಕಾರ ಎಂಬುದು ಗಂಟಲಿನಿಂದ ಬರುವ ಬರೀ ಗಾಳಿ. ಅದರ ಸದ್ದು ಎಷ್ಟು ಕಡಿಮೆಯೆಂದರೆ ಫ್ಯಾನಿನ ಸದ್ದಿನಲ್ಲೇ ಬೆರೆತುಹೋಗಿ, ಗೀರುಗಳಲ್ಲಿ ಅದೂ ಒಂದು ಚುಕ್ಕೆಯಾಗಿ ಕಾಣುತ್ತದೆ. ಆ ಎಂಬತ್ತು ಸಾವಿರದೊಂದಂಶ ಸೆಕೆಂಡನ್ನು ಮೌನವೆಂದು ತಿಳಿದು ಕತ್ತರಿಸಿದರೆ ಹಪ್ಪಳ ಅಪ್ಪಳವಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ, ಹಾಡು ಆಡು ಆಗುತ್ತದೆ. ಮೂರೂ ಕನ್ನಡದಲ್ಲಿ ಬೇರೆ ಬೇರೆ ಪದಗಳೇ ಆಗಬಹುದಾದ್ದರಿಂದ ಕೇಳುವವರಿಗೆ ಏನೋ ತಪ್ಪಿದೆ ಎಂಬ ಅನುಮಾನವೂ ಬರದೆ ಹೋಗಬಹುದು. ಸಕಾರ, ಶಕಾರಗಳದ್ದೂ ಸ್ವಲ್ಪ ಮಟ್ಟಿಗೆ ಇದೇ ಕಥೆ. ಅವು ಕಿವಿಗೆ ಚುರುಕಾಗಿ ಕೇಳುತ್ತವೆ, ಗೀರುಗಳಲ್ಲಿ ಮಾತ್ರ ಸ್ವರಗಳಿಗಿಂತ ಗಿಡ್ಡವಾಗಿ ಕಾಣುತ್ತವೆ.

ಆದ್ದರಿಂದ ಕಣ್ಣು ದಾರಿ ತೋರಿಸಬಹುದು, ತೀರ್ಮಾನ ಕಿವಿಯದಾಗಬೇಕು. ಇದಕ್ಕೆ ನಾನು ಕಂಡುಕೊಂಡ ಒಂದು ಕ್ರಮ ಇದೆ. ಎಡ ಹಿಡಿಯನ್ನು ಬೇಕೆಂದೇ ಹೆಚ್ಚು ಒಳಕ್ಕೆ ಎಳೆಯಿರಿ, ಪದ ಕೆಡುವವರೆಗೆ. ಅಲ್ಲಿಂದ ಪ್ಲೇ ಒತ್ತಿ ಕೇಳಿ. "ಪ್ಪಳ" ಎಂದು ಕೇಳಿದರೆ ಬಹಳ ಒಳಗಿದ್ದೀರಿ. ಸ್ವಲ್ಪ ಹಿಂದಕ್ಕೆ ಬನ್ನಿ, "ಅಪ್ಪಳ" ಆಗುತ್ತದೆ. ಇನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಬಂದರೆ "ಹಪ್ಪಳ" ಪೂರ್ತಿ ಕೇಳುತ್ತದೆ. ಈಗ ಪದದ ನಿಜವಾದ ಗಡಿ ನಿಮಗೆ ಗೊತ್ತಾಯಿತು. ಕೆಟ್ಟದ್ದನ್ನು ಒಮ್ಮೆ ಕೇಳಿಸಿಕೊಳ್ಳದೆ ಗಡಿ ಎಲ್ಲಿದೆ ಎಂದು ತಿಳಿಯುವುದು ಕಷ್ಟ. ನಕಲಿನ ಮೇಲೆ ಕೆಲಸ ಮಾಡುತ್ತಿರುವುದರಿಂದ, ಸೇವ್ ಒತ್ತದೇ ಇರುವುದರಿಂದ, ಹೀಗೆ ಎಷ್ಟು ಸಲ ಆಡಿಸಿದರೂ ನಷ್ಟವಿಲ್ಲ.

ಈ ಕೆಲಸಕ್ಕೆ ಬ್ಲೂಟೂತ್ ಇಯರ್‌ಫೋನು ಹಾಕಿಕೊಳ್ಳಬೇಡಿ. ಫೋನಿನಿಂದ ಹೊರಟ ಸದ್ದು ಅದರ ಮೂಲಕ ಕಿವಿಗೆ ತಲುಪಲು ಸೆಕೆಂಡಿನ ಹತ್ತನೇ ಎರಡು ಭಾಗದಷ್ಟು ತಡವಾಗುವುದು ಸಾಮಾನ್ಯ. ಪರದೆಯ ಗೆರೆ ಒಂದು ಕಡೆ ಇದ್ದರೆ ನೀವು ಕೇಳುತ್ತಿರುವುದು ಅದಕ್ಕೂ ಹಿಂದಿನದು. ಹಕಾರದ ಉದ್ದವೇ ಅದಕ್ಕಿಂತ ಕಡಿಮೆ. ತಂತಿಯ ಇಯರ್‌ಫೋನು ಅತ್ಯುತ್ತಮ. ಅದಿಲ್ಲದಿದ್ದರೆ ಫ್ಯಾನು ಆರಿಸಿ, ಫೋನಿನ ಸ್ಪೀಕರನ್ನೇ ಕಿವಿಯ ಹತ್ತಿರ ಹಿಡಿಯಬಹುದು.

ಗಡಿ ಸಿಕ್ಕಿತು, ಹಾಗೆಂದು ಅಲ್ಲೇ ಕತ್ತರಿಸಬಾರದು. ಒಂದು ಕಾರಣ ಉಸಿರು. ಮಾತಿಗೆ ಮುಂಚಿನ ಉಸಿರು ಮಾತಿನದೇ ಭಾಗ. ಅದನ್ನು ನಡುವೆ ಕತ್ತರಿಸಿದರೆ ಯಾರೋ ಬಾಯಿ ಮುಚ್ಚಿ ಬಿಟ್ಟ ಹಾಗೆ ಕೇಳುತ್ತದೆ. ಒಂದೋ ಉಸಿರನ್ನು ಪೂರ್ತಿ ಬಿಡಬೇಕು, ಇಲ್ಲ ಪೂರ್ತಿ ಉಳಿಸಿಕೊಳ್ಳಬೇಕು. ದೊಡ್ಡಮ್ಮನ ಉಸಿರು ಮುಗಿಯುವುದಕ್ಕೂ ಹಕಾರ ಶುರುವಾಗುವುದಕ್ಕೂ ನಡುವೆ ಬೆರಳಿಗೆ ಎಟುಕುವಷ್ಟು ಜಾಗವೇ ಇರಲಿಲ್ಲ. ಹಾಗಾಗಿ ಉಸಿರನ್ನು ಉಳಿಸಿಕೊಂಡು, ಕೆಮ್ಮಿಗೂ ಉಸಿರಿಗೂ ನಡುವೆ ಇದ್ದ ತಣ್ಣನೆಯ ಜಾಗದಲ್ಲಿ, 3.2 ಸೆಕೆಂಡಿನಲ್ಲಿ ಎಡ ಹಿಡಿ ಇಟ್ಟೆ. ಮಾತಿಗೆ ಮುಂಚೆ ಮುಕ್ಕಾಲು ಸೆಕೆಂಡು ಉಳಿಯಿತು.

ಇನ್ನೊಂದು ಕಾರಣ ಕೇಳುವವರ ಉಪಕರಣ. ಕೆಲವು ಬ್ಲೂಟೂತ್ ಸ್ಪೀಕರು, ಇಯರ್‌ಬಡ್ಡುಗಳು ಸದ್ದಿಲ್ಲದಾಗ ನಿದ್ದೆ ಹೋಗಿರುತ್ತವೆ. ಪ್ಲೇ ಒತ್ತಿದ ಮೇಲೆ ಅವು ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ದಾಟಿಹೋಗಿರುತ್ತದೆ. ಆಡಿಯೊ ಪುಸ್ತಕಗಳನ್ನು ಪ್ರಕಟಿಸುವ ಎಸಿಎಕ್ಸ್ ಎಂಬ ವೇದಿಕೆ ತನ್ನ ಓದುಗರಿಗೆ ಇಟ್ಟಿರುವ ನಿಯಮವೂ ಇದೇ ದಿಕ್ಕಿನದು: ಪ್ರತಿ ಫೈಲಿನ ಆರಂಭದಲ್ಲಿ ಸ್ವಲ್ಪ ಹೊತ್ತು, ಕೊನೆಯಲ್ಲಿ ಒಂದರಿಂದ ಐದು ಸೆಕೆಂಡು ಮಾತಿಲ್ಲದ ಕೋಣೆಯ ಸದ್ದು ಇರಬೇಕು. ವಾಯ್ಸ್ ನೋಟಿಗೆ ಅಷ್ಟು ಉದ್ದದ ಬಾಲ ಬೇಕಿಲ್ಲ. ಮುಂದೆ ಅರ್ಧ ಸೆಕೆಂಡಿನ ಸುತ್ತಮುತ್ತ, ಹಿಂದೆ ಅರ್ಧದಿಂದ ಒಂದು ಸೆಕೆಂಡು ಇದ್ದರೆ ಕಿವಿಗೆ ಹಿತ.

ಇನ್ನು ಕೊನೆಯ ತುದಿ. ನನ್ನ ಮಟ್ಟಿಗೆ ಇದೇ ಹೆಚ್ಚು ಎಚ್ಚರ ಬೇಡುವ ಜಾಗ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಆ ಕ್ರಿಯಾಪದದ ಕೊನೆಗೆ ಯಾರು, ಎಷ್ಟು ಜನ, ಹೌದೋ ಅಲ್ಲವೋ ಎಂಬುದೆಲ್ಲ ಬರುತ್ತದೆ. ಬಂದ, ಬಂದಳು, ಬಂದರು ಇವುಗಳ ಮೊದಲ ಭಾಗ ಒಂದೇ, ಬಂದದ್ದು ಯಾರೆಂದು ಹೇಳುವುದು ಬಾಲ. "ಬರ್ತಾರೆ" ಎಂದರೆ ಸುದ್ದಿ, "ಬರ್ತಾರಾ" ಎಂದರೆ ಪ್ರಶ್ನೆ. ಅದೇ ಹೊತ್ತಿಗೆ, ವಾಕ್ಯ ಮುಗಿಯುತ್ತಾ ಬಂದಂತೆ ನಮ್ಮ ದನಿ ಇಳಿಯುತ್ತದೆ, ಉಸಿರು ಮುಗಿಯುತ್ತಿರುತ್ತದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಆ ಕೊನೆಯ ಸ್ವರ ದೀಪ ಆರುವ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಅರ್ಥ ಅತಿ ಹೆಚ್ಚು ಇರುವ ಜಾಗದಲ್ಲೇ ಗೀರು ಅತಿ ಗಿಡ್ಡವಾಗಿರುತ್ತದೆ.

ದೊಡ್ಡಮ್ಮನ ಕೊನೆಯ ವಾಕ್ಯ ಇದು: "ಗರಿಗರಿ ಒಣಗೋ ತನಕ ಡಬ್ಬಕ್ಕೆ ಹಾಕ್ಬೇಡ." ಹಪ್ಪಳದ ಕೆಲಸದಲ್ಲಿ ಇದೇ ಮುಖ್ಯವಾದ ಮಾತು. ಹಸಿ ಉಳಿದದ್ದನ್ನು ಡಬ್ಬಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ, ಎರಡು ದಿನದ ಬಿಸಿಲು, ಬೆವರು ಎಲ್ಲ ದಂಡ. ಈ ವಾಕ್ಯದಲ್ಲಿ ಬೇಕು ಮತ್ತು ಬೇಡ ಎರಡೂ "ಬೇ" ಎಂದೇ ಶುರುವಾಗುತ್ತವೆ. ವ್ಯತ್ಯಾಸವೆಲ್ಲ ಕೊನೆಯ ಒಂದು ಅಕ್ಷರದಲ್ಲಿ. ಆ ಡಕಾರದಲ್ಲಿ ನಾಲಗೆ ಮೇಲಕ್ಕೆ ಒಮ್ಮೆ ತಟ್ಟಿ ಬರುತ್ತದೆ ಅಷ್ಟೇ, ಆಮೇಲೆ ಉಳಿಯುವುದು ಆರುತ್ತಿರುವ ಒಂದು ಅಕಾರ.

ಗೀರುಗಳಲ್ಲಿ ಇದು ಹೀಗಿತ್ತು. "ಬೇ" ಎನ್ನುವುದು 1 ನಿಮಿಷ 7 ಸೆಕೆಂಡಿಗೆ ಎತ್ತರದ ಗುಡ್ಡ. ಅದರ ನಂತರ ಒಂದು ಸಣ್ಣ ತಗ್ಗು. ನಾನು ಮೊದಲ ಸಲ ಆ ತಗ್ಗಿನಲ್ಲಿ ಕತ್ತರಿಸಿದ್ದೆ, ಮಾತು ಮುಗಿಯಿತೆಂದು. ಆದರೆ ಅದು ಡಕಾರಕ್ಕೆ ನಾಲಗೆ ತಟ್ಟಿದ ಜಾಗ. ತಗ್ಗಿನ ಆಚೆ 1:07.5ರವರೆಗೂ ಕೊನೆಯ ಅಕಾರ ಮೆಲ್ಲಗೆ ಹೋಗುತ್ತಿತ್ತು. 1:08.1ಕ್ಕೆ ಕೆಮ್ಮಿನ ಗೋಡೆ. ನಡುವೆ ಉಳಿದದ್ದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು.

ಇಲ್ಲೂ ಅದೇ ಉಪಾಯ, ತಿರುಗಾಮುರುಗಾ. ಬಲ ಹಿಡಿಯನ್ನು ಒಳಕ್ಕೆ ಎಳೆದಾಗ "ಹಾಕ್ಬೇ" ಎಂದು ನಿಂತಿತು. ಹೊರಕ್ಕೆ ಸರಿಸುತ್ತಾ ಹೋದಾಗ "ಹಾಕ್ಬೇಡ" ಪೂರ್ತಿಯಾಯಿತು. ಇನ್ನೂ ಹೊರಕ್ಕೆ ಹೋದಾಗ ಕೆಮ್ಮಿನ ಮೊದಲ ತುಣುಕು ಚಿಟ್ ಎಂದು ಕೇಳಿತು. ಪದ ಮುಗಿಯುವ ಜಾಗ, ಕೆಮ್ಮು ಶುರುವಾಗುವ ಜಾಗ ಎರಡೂ ಸಿಕ್ಕ ಮೇಲೆ ಹಿಡಿಯನ್ನು ಸರಿಯಾಗಿ ನಡುವೆ ಇಡಬೇಕೆಂದೇನಿಲ್ಲ. ಕೆಮ್ಮಿನ ಕಡೆಗೆ ಹತ್ತಿರ ಇಡುವುದು ಒಳ್ಳೆಯದು. ಕೆಮ್ಮು ಗೋಡೆಯ ಹಾಗೆ ಏರುವುದರಿಂದ ಅದರ ಗಡಿ ಸ್ಪಷ್ಟ, ಮಾತಿನ ಬಾಲದ ಗಡಿ ಅಸ್ಪಷ್ಟ. ನಾನು 1:07.9ಕ್ಕೆ ನಿಲ್ಲಿಸಿದೆ. 3.2ರಿಂದ ಅಲ್ಲಿಗೆ ಒಟ್ಟು 64.7 ಸೆಕೆಂಡು. ಒಂಬತ್ತು ಸೆಕೆಂಡಿನಷ್ಟು ಹೋಯಿತು, ಮಾತು ಒಂದಕ್ಷರವೂ ಹೋಗಲಿಲ್ಲ.

ಕತ್ತರಿಸಿದ ಜಾಗದಲ್ಲಿ ಕೆಲವು ಸಲ ಟಪ್ ಎಂಬ ಸಣ್ಣ ಸದ್ದು ಕೇಳುತ್ತದೆ. ಶಬ್ದವೆಂದರೆ ಮೇಲಕ್ಕೂ ಕೆಳಕ್ಕೂ ತೂಗುವ ಅಲೆ. ಅಲೆ ಮೇಲಿದ್ದಾಗ ಕತ್ತರಿಸಿದರೆ ಸ್ಪೀಕರಿಗೆ ಒಮ್ಮೆಲೇ ಸೊನ್ನೆಯಿಂದ ಆ ಎತ್ತರಕ್ಕೆ ಜಿಗಿಯಬೇಕಾಗುತ್ತದೆ, ಆ ಜಿಗಿತವೇ ಟಪ್. ಟೇಪಿನ ಕಾಲದವರು ಬ್ಲೇಡನ್ನು ಓರೆಯಾಗಿ ಹಿಡಿದು ಕೊಯ್ಯುತ್ತಿದ್ದರು. ಓರೆಯಾದ ಅಂಚು ಸದ್ದನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡುತ್ತಿತ್ತು. ಈಗಿನ ಎಡಿಟಿಂಗ್ ಆ್ಯಪುಗಳಲ್ಲಿ ಅದಕ್ಕೆ ಫೇಡ್ ಇನ್, ಫೇಡ್ ಔಟ್ ಎನ್ನುತ್ತಾರೆ. ಫೋನಿನ ಸಾಮಾನ್ಯ ರೆಕಾರ್ಡರುಗಳಲ್ಲಿ ಈ ಸೌಲಭ್ಯ ಇರುವುದು ವಿರಳ. ಇಲ್ಲದಿದ್ದರೆ ಚಿಂತೆಯಿಲ್ಲ, ಗೀರು ಅತಿ ಗಿಡ್ಡವಾಗಿರುವ ಜಾಗದಲ್ಲಿ ಕತ್ತರಿಸಿದರೆ ಜಿಗಿತ ಸಣ್ಣದಾಗಿ, ಟಪ್ ಕೇಳುವುದೇ ಇಲ್ಲ. ಕೆಮ್ಮಿಗೂ ಮಾತಿಗೂ ನಡುವಿನ ತಣ್ಣನೆಯ ಜಾಗವನ್ನು ಹುಡುಕಬೇಕು ಎಂದದ್ದು ಇದಕ್ಕೂ ಹೌದು.

ಮೌನವನ್ನು ತಾನಾಗಿ ತೆಗೆಯುವ ಆ್ಯಪುಗಳಿವೆಯಲ್ಲ ಎಂದು ಕೇಳಬಹುದು. ಅವುಗಳ ಲೆಕ್ಕ ಬಹುತೇಕ ಸದ್ದಿನ ಮಟ್ಟದ ಮೇಲೆ ನಿಂತಿರುತ್ತದೆ: ಇಷ್ಟಕ್ಕಿಂತ ಮೆಲ್ಲಗಿದ್ದರೆ ಮೌನ, ಹೆಚ್ಚಿದ್ದರೆ ಮಾತು. ಆ ಲೆಕ್ಕದಲ್ಲಿ ಕೆಮ್ಮು ಮಾತಿಗಿಂತ ದೊಡ್ಡ ಮಾತು. ದೊಡ್ಡಮ್ಮನ ರೆಕಾರ್ಡಿಂಗಿಗೆ ಇದನ್ನು ಹಚ್ಚಿದರೆ ಫ್ಯಾನಿನ ಎರಡು ಸೆಕೆಂಡು ಹೋಗಿ ರೆಕಾರ್ಡಿಂಗ್ ನೇರವಾಗಿ ಕೆಮ್ಮಿನಿಂದಲೇ ಶುರುವಾಗುತ್ತದೆ. ಹಕಾರವನ್ನೂ ಕೊನೆಯ ಅಕಾರವನ್ನೂ ಅದು ಮೌನಕ್ಕೆ ಸೇರಿಸುವ ಸಾಧ್ಯತೆಯೂ ಇದೆ. ಇನ್ನು Voice Memosನಲ್ಲಿರುವ Skip Silence ಎಂಬುದು ಬೇರೆಯೇ. ಅದು ನೀವು ಕೇಳುವಾಗ ಮೌನವನ್ನು ಹಾರಿಸಿಕೊಂಡು ಹೋಗುತ್ತದೆ ಅಷ್ಟೇ, ಫೈಲು ಹಾಗೇ ಇರುತ್ತದೆ. ಅದನ್ನು ಆನ್ ಮಾಡಿ, ಮೌನ ಹೋಯಿತೆಂದು ನಂಬಿ ಕಳಿಸಿದರೆ ಆ ಕಡೆಯವರಿಗೆ ಮೌನ ಪೂರ್ತಿ ತಲುಪುತ್ತದೆ.

ಕತ್ತರಿಸಿ ಸರಿಮಾಡಲಾಗದ್ದೂ ಇದೆ. ಕೆಮ್ಮಿನ ಬಾಲ ಮೊದಲ ಪದದ ಮೇಲೇ ಬಿದ್ದಿದ್ದರೆ ಎರಡನ್ನೂ ಬೇರೆ ಮಾಡುವುದು ಟ್ರಿಮ್‌ನ ಕೈಯಲ್ಲಿಲ್ಲ, ಇನ್ನೊಮ್ಮೆ ಹೇಳಿಸುವುದೇ ದಾರಿ. ಇನ್ನೊಂದು ತೊಡಕು ಸುಲಭಕ್ಕೆ ಗಮನಕ್ಕೆ ಬರುವುದಿಲ್ಲ. ಹಲವು ಫೋನುಗಳು ರೆಕಾರ್ಡ್ ಮಾಡುವಾಗ ಸದ್ದಿನ ಮಟ್ಟವನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತಿರುತ್ತವೆ. ಜೋರು ಕೆಮ್ಮು ಬಂದ ಕೂಡಲೇ ಮಟ್ಟವನ್ನು ಇಳಿಸುತ್ತವೆ, ಮತ್ತೆ ಏರಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಮ್ಮಿದ ತಕ್ಷಣ ಮಾತು ಶುರುಮಾಡಿದರೆ ಮೊದಲ ಒಂದೆರಡು ಪದ ಮಂಕಾಗಿರುತ್ತವೆ. ಕೆಮ್ಮನ್ನು ಕತ್ತರಿಸಿ ಬಿಸಾಡಿದ ಮೇಲೂ ಆ ಮಂಕು ಉಳಿಯುತ್ತದೆ. ದೊಡ್ಡಮ್ಮನ "ಹಪ್ಪಳಕ್ಕೆ" ಎಂಬ ಪದ ಅದರ ಮುಂದಿನ ಪದಗಳಿಗಿಂತ ಸಣ್ಣಗೆ ಕೇಳುವುದು ಇದರಿಂದಲೇ ಇರಬೇಕು. ಕೆಮ್ಮು ಬಂದರೆ ಕೆಮ್ಮಿ, ಎರಡು ಮೂರು ಸೆಕೆಂಡು ಸುಮ್ಮನಿದ್ದು, ಉಸಿರೆಳೆದು ಶುರುಮಾಡಿ ಎಂದು ಹೇಳಿಕೊಟ್ಟಿದ್ದರೆ ಸಾಕಿತ್ತು. ಆ ಸುಮ್ಮನಿರುವ ಹೊತ್ತು ಕತ್ತರಿಸುವವರಿಗೂ ಕೈಯಾಡಿಸಲು ಜಾಗ ಕೊಡುತ್ತದೆ.

ವಾಟ್ಸ್ಆ್ಯಪ್‌ನಲ್ಲೇ ನೇರವಾಗಿ ಮಾತಾಡುವವರಿಗೆ ಈ ಹಿಡಿಗಳೊಂದೂ ಸಿಗುವುದಿಲ್ಲ, ಆದರೆ ಬೇರೆ ಅನುಕೂಲವಿದೆ. ಮೈಕಿನ ಗುರುತನ್ನು ಒತ್ತಿ ಮೇಲಕ್ಕೆ ಸರಿಸಿದರೆ ರೆಕಾರ್ಡಿಂಗ್ ಲಾಕ್ ಆಗುತ್ತದೆ. ಆಗ ಪಾಸ್ ಗುಂಡಿ ಕಾಣುತ್ತದೆ. ಕೆಮ್ಮು ಬರುವ ಹಾಗಾದರೆ ಪಾಸ್ ಒತ್ತಿ ಕೆಮ್ಮಿ, ನೀರು ಕುಡಿದು ಮುಂದುವರಿಸಬಹುದು. ಮಾತು ಮುಗಿದ ಮೇಲೂ ಒಂದು ಕ್ಷಣ ತಡೆದು ಪಾಸ್ ಒತ್ತಿ, ಕಳಿಸುವ ಮೊದಲು ಕೇಳಿ, ಸರಿಯಿಲ್ಲದಿದ್ದರೆ ಅಳಿಸಿ ಮತ್ತೆ ಹೇಳಬಹುದು. ಮೈಕು ಒತ್ತಿದ ಕ್ಷಣವೇ ಬಾಯಿ ತೆರೆಯಬೇಡಿ. ಸೆಕೆಂಡುಗಳ ಎಣಿಕೆ ಶುರುವಾದದ್ದನ್ನು ನೋಡಿ ಮಾತಾಡಿದರೆ ಮೊದಲ ಅಕ್ಷರ ಉಳಿಯುತ್ತದೆ.

ಆಗಲೇ ಬಂದಿರುವ ವಾಟ್ಸ್ಆ್ಯಪ್ ಧ್ವನಿಯನ್ನು ಕತ್ತರಿಸಬೇಕಾದರೆ ಅದನ್ನು ಶೇರ್ ಮಾಡಿ ಫೋನಿನ ಫೈಲುಗಳಿಗೆ ಉಳಿಸಿಕೊಂಡು, ಬೇರೆ ಆಡಿಯೊ ಎಡಿಟರಿನಲ್ಲಿ ತೆರೆಯಬೇಕು. ಆಂಡ್ರಾಯ್ಡ್‌ನಲ್ಲಿ ಇವುಗಳ ಹೆಸರು PTT ಎಂದು ಶುರುವಾಗಿ .opus ಎಂದು ಮುಗಿಯುತ್ತದೆ. ಕೆಲವು ಆ್ಯಪುಗಳು ಈ ಬಗೆಯ ಫೈಲನ್ನು ತೆರೆಯುವುದಿಲ್ಲ, ತೆರೆದರೂ ಬೇರೆ ಬಗೆಯಲ್ಲಿ ಉಳಿಸುತ್ತವೆ. ಕತ್ತರಿಸಿದ್ದನ್ನು ಮರಳಿ ಕಳಿಸಿದಾಗ ಅದು ನಿಮ್ಮ ಮುಖಚಿತ್ರ, ಮೈಕಿನ ಗುರುತಿರುವ ಧ್ವನಿ ಸಂದೇಶವಾಗಿ ಹೋಗದೆ ಸಾಮಾನ್ಯ ಆಡಿಯೊ ಫೈಲಾಗಿ ಹೋಗುತ್ತದೆ, ಗಾಬರಿಯಾಗಬೇಡಿ. ಹೀಗೆ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುವಾಗೆಲ್ಲ ಧ್ವನಿ ಹೊಸದಾಗಿ ಕುಗ್ಗುತ್ತದೆ. ಒಂದು ಸಲಕ್ಕೆ ಕಿವಿಗೆ ತಿಳಿಯದು. ಕತ್ತರಿಸಿ ಕಳಿಸಿ, ಕಳಿಸಿದ್ದನ್ನು ಮತ್ತೆ ಇಳಿಸಿ ಕತ್ತರಿಸಿ ಹೀಗೆ ನಾಲ್ಕಾರು ಸಲ ಆದರೆ ಸಕಾರಗಳು ಗರಗರ ಎನ್ನತೊಡಗುತ್ತವೆ. ಯಾವಾಗಲೂ ಮೂಲದಿಂದಲೇ ಹೊಸದಾಗಿ ಕತ್ತರಿಸುವುದು ಇದಕ್ಕೇ. ನಾನೂ ಎರಡನೇ ಸಲ, ಕೆಟ್ಟ ತುಂಡನ್ನು ಬಿಟ್ಟು, ಮೂಲಕ್ಕೇ ಹೋದೆ.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಆ ಮಾತನ್ನು ಮೊದಲು ಕೇಳಿರದ ಒಬ್ಬರಿಗೆ ಕೇಳಿಸಿ, ಮೊದಲ ಪದ ಯಾವುದು, ಕೊನೆಯ ಪದ ಯಾವುದು ಎಂದು ಕೇಳಿ. ನಮಗೆ ಮಾತು ಗೊತ್ತಿರುವುದರಿಂದ ಇಲ್ಲದ ಹಕಾರವನ್ನೂ ಮನಸ್ಸು ತುಂಬಿಸಿಕೊಳ್ಳುತ್ತದೆ. ನಾನು ಪಕ್ಕದ ಮನೆಯ ಹುಡುಗನಿಗೆ ಕೇಳಿಸಿದೆ. "ಹಪ್ಪಳಕ್ಕೆ" ಅಂದ, "ಹಾಕ್ಬೇಡ" ಅಂದ. ಆಮೇಲೆ ಪುಣೆಗೆ ಕಳಿಸಿದೆ.

ಮೂಲ ರೆಕಾರ್ಡಿಂಗನ್ನು ಅಳಿಸಿಲ್ಲ. ನೀವೂ ಮನೆಯ ಹಿರಿಯರದ್ದನ್ನು ಅಳಿಸಬೇಡಿ. ನನ್ನ ಫೋನಿನಲ್ಲಿ ಅದು ಹಾಗೇ ಇದೆ, 1 ನಿಮಿಷ 14 ಸೆಕೆಂಡು, ಎರಡೂ ಕೆಮ್ಮು, "ಇದನ್ನ ಎಲ್ಲಿ ಆಫ್ ಮಾಡೋದು?" ಎನ್ನುವುದೂ ಸೇರಿ.